ಕಣ್ಣೂರು ರೈಲಿನಲ್ಲಿ ಸಿಕ್ಕಿದ ಹಾಸನದ ಅಕ್ಕನಿಗೆ

ಅಕ್ಕಾ, ನಮಸ್ಕಾರ.

ಗುರುತು ಸಿಕ್ಕಿತಾ? ಬೆಂಗಳೂರು–ಕಣ್ಣೂರು ರೈಲಿನಲ್ಲಿ ಮೇಲಿನ ಬರ್ತಿನಿಂದ ನಿಮ್ಮ ಚಪ್ಪಲಿಯ ಮೇಲೇ ಕಾಲಿಟ್ಟು ಇಳಿದವನು ನಾನೇ. ಕುಂಬಳೆ ದಾಟುವಾಗ ನೀವು ಒಂದು ಮಾತು ಹೇಳಿದಿರಿ: "ಮಲಯಾಳಿಯಾದರೂ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀಯಪ್ಪಾ!" ಉತ್ತರ ಕೊಡೋಣ ಅಂತ ಬಾಯಿ ತೆರೆದೆ, ಕಾಸರಗೋಡು ಬಂದೇ ಬಿಟ್ಟಿತು. ವಾರವಾಯಿತು, ಹೊಟ್ಟೆಯಲ್ಲಿದ್ದ ಮಾತು ಇನ್ನೂ ಕರಗಿಲ್ಲ. ಅದಕ್ಕೇ ಈ ಕಾಗದ.

ಶಾಲೆಯಲ್ಲಿ ನವೆಂಬರ್ 1ಕ್ಕೆ ನೀವು ಬಾವುಟ ಹಾರಿಸಿ ಮಿಠಾಯಿ ತಿಂದಿರಬೇಕು. ಅದೇ ದಿನ ನಮ್ಮಲ್ಲಿ ಕೇರಳದ ಹುಟ್ಟುಹಬ್ಬ. 1956ರಲ್ಲಿ ಎರಡೂ ರಾಜ್ಯ ಒಂದೇ ದಿನ ಆದವು. ಅದಕ್ಕೆ ಮೊದಲು ಮದ್ರಾಸಿನ ಕೆಳಗೆ ದಕ್ಷಿಣ ಕನ್ನಡ ಜಿಲ್ಲೆ ಅಂತ ಇತ್ತು, ಕಾಸರಗೋಡು ಅದರ ಒಂದು ತಾಲ್ಲೂಕು. ಮಂಗಳೂರು ನಿಮ್ಮ ಕಡೆ ಬಂತು, ನಾವು ಈ ಕಡೆ ಉಳಿದೆವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂದಿತು. ಅದು ವರದಿಯಲ್ಲೇ ಉಳಿಯಿತು. ನಮ್ಮ ಮನೆ ಆ ಹೊಳೆಯ ಉತ್ತರಕ್ಕಿದೆ. ನಾವು ಎಲ್ಲಿಗೂ ವಲಸೆ ಹೋದವರಲ್ಲ ಅಕ್ಕಾ, ಕೂತಲ್ಲೇ ಕೂತಿದ್ದೇವೆ.

ಇದು ದಿನದ ಬದುಕಿನಲ್ಲಿ ಹೇಗೆ ಕಾಣುತ್ತದೆ ಅಂದರೆ, ನಮ್ಮ ಅಜ್ಜನ ಕ್ರಯಪತ್ರದ ಕಥೆ ಕೇಳಿ. ಜಾಗ ಅಪ್ಪನ ಹೆಸರಿಗೆ ಆಗಬೇಕಿತ್ತು. ಇಲ್ಲಿ ಆ ಕೆಲಸಕ್ಕೆ ಎಲ್ಲರೂ, ಕನ್ನಡದವರೂ, 'ಪೋಕ್ಕುವರವು' ಅಂತಲೇ ಹೇಳುತ್ತಾರೆ. ತೀರ್ವೆ ಕಟ್ಟಿದ ರಶೀದಿ ಮಲಯಾಳದಲ್ಲಿ. ಹಳೇ ಕಾಗದ ಪೂರ್ತಿ ಕನ್ನಡದಲ್ಲಿ, ಅದೂ ಮೋಡಿ ಅಕ್ಷರದ ಹಾಗೆ ಎಳೆದು ಬರೆದ ಕೈಬರಹ, ಮಡಿಚಿದ ಗೆರೆಯಲ್ಲಿ ಅಕ್ಷರವೇ ಉದುರಿಹೋಗಿದೆ. ಕಚೇರಿಯಲ್ಲಿ ಮೇಜಿನ ಆಚೆ ಇದ್ದವರು ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವರು, ಒಳ್ಳೆ ಮನುಷ್ಯ. ಕಾಗದ ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ನನ್ನ ಕೈಗೇ ಕೊಟ್ಟು, "ನೀವೇ ಓದಿ" ಅಂದರು. ನಾನು ಕನ್ನಡದಲ್ಲಿ ಓದುವುದು, ಮಲಯಾಳದಲ್ಲಿ ಹೇಳುವುದು. ನಮ್ಮ ಜಾಗದ ದಾಖಲೆಗೆ ನಾನೇ ದುಭಾಷಿ! ಮನಸ್ಸು ಮಾಡಿದ್ದರೆ ಪಕ್ಕದ ಮನೆಯವರ ತೋಟವನ್ನೂ ಸೇರಿಸಿಕೊಳ್ಳಬಹುದಿತ್ತು.

ಕಾಯಂ ಗೇಣಿ ಅನ್ನುವ 'ಮೂಲಗೇಣಿ' ಹೇಗೋ ದಾಟಿತು. 'ಕುಮ್ಕಿ' ಬಂದಾಗ ಗಾಡಿ ನಿಂತಿತು. ಹಳೆಯ ವರ್ಗ ಜಾಗದ, ಅಂದರೆ ಪಟ್ಟಾ ಜಮೀನಿನ, ಸುತ್ತ ನೂರು ಗಜದೊಳಗಿನ ಸರಕಾರಿ ಜಾಗ ಅದು. ಒಡೆತನ ಸರಕಾರದ್ದೇ. ಆದರೆ ಅಲ್ಲಿಂದ ಸೊಪ್ಪು, ಸೌದೆ ತರುವ, ದನ ಮೇಯಿಸುವ ಹಕ್ಕು ಪಕ್ಕದ ಕೃಷಿಕನಿಗೆ. ಅಡಿಕೆ ತೋಟಕ್ಕೆ ಸೊಪ್ಪು ಬೇಕಲ್ವಾ, ಅದಕ್ಕೆ. ಇದು ಹಳೇ ದಕ್ಷಿಣ ಕನ್ನಡದ ಪದ್ಧತಿ. ತೆಂಕಣ ಕೇರಳದ ತಿರುವಿತಾಂಕೂರಿನ ಕಡೆಯ ಲೆಕ್ಕದಲ್ಲಿ ಬೆಳೆದವರಿಗೆ, ನಿಮ್ಮದಲ್ಲದ ಜಾಗದಲ್ಲಿ ನಿಮಗೇನು ಹಕ್ಕು ಅಂತ ಕಾಣುವುದು ಸಹಜ. ಅರ್ಧ ಗಂಟೆ ವಿವರಿಸಿದೆ. "ಅಂದರೆ ಜಾಗ ನಿಮ್ಮದಲ್ಲ?" "ಅಲ್ಲ." "ಸೊಪ್ಪು ನಿಮ್ಮದು?" "ಹೌದು." ಅವರು ಎದ್ದು ಚಾ ಕುಡಿಯಲು ಹೋದರು.

ಕಾನೂನು ನಮ್ಮ ಕಡೆಗೇ ಇದೆ. 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ನಾವು ಇಲ್ಲಿನ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಕನ್ನಡ, ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆಗೆ ಪಿಎಸ್‌ಸಿ ಬೇರೆಯೇ ಪರೀಕ್ಷೆ ಮಾಡುತ್ತದೆ. ಆದರೆ ಓದುವವರು ಆ ದಿನ ರಜೆಯಲ್ಲಿದ್ದರೆ ನಮ್ಮ ಅರ್ಜಿಯೂ ರಜೆಯಲ್ಲಿ. ಹಾಗಾಗಿ ಕೆಲಸ ಬೇಗ ಆಗಲಿ ಅಂತ ಎಷ್ಟೋ ಜನ ಮಲಯಾಳದಲ್ಲೇ ಬರೆಸಿಬಿಡುತ್ತಾರೆ. ಬರೆಸಿಬಿಟ್ಟರೆ, ಕನ್ನಡದ ಅರ್ಜಿಯೇ ಬರುವುದಿಲ್ಲ ಅಂತ ಲೆಕ್ಕವಾಗುತ್ತದೆ. ನನಗೆ ಬೇಸರವಾಗುವುದು ಇದೊಂದೇ.

ಉಳಿದದ್ದೆಲ್ಲ ಮಜಾ ಇದೆ. ಮಂಗಳೂರಿಗೆ ಹೋಗಲು ಬಸ್‌ಸ್ಟ್ಯಾಂಡಿಗೆ ಬಂದರೆ ಎರಡೂ ಕೆಎಸ್‌ಆರ್‌ಟಿಸಿ, ಕೇರಳದ್ದೂ ಅದೇ ಹೆಸರು, ಕರ್ನಾಟಕದ್ದೂ ಅದೇ. ಆ ಹೆಸರು ಯಾರದ್ದು ಅಂತ ಎರಡೂ ಕಡೆಯವರು ಕೋರ್ಟಿಗೂ ಹೋದರು. ನಾವು ಮೊದಲು ಬಂದದ್ದಕ್ಕೆ ಹತ್ತುತ್ತೇವೆ. ಗಡಿಯ ತಲಪಾಡಿ ದಾಟಿದ ಕೂಡಲೇ ಪೆಟ್ರೋಲ್ ಅಗ್ಗ, ಬೈಕಿನವರು ಅಲ್ಲಿಯವರೆಗೆ ಉಸಿರು ಹಿಡಿದುಕೊಂಡೇ ಓಡಿಸುತ್ತಾರೆ. ಮನೆಯಲ್ಲಿ ಅಮ್ಮನ ಹತ್ತಿರ ಕನ್ನಡ, ಕೆಲಸಕ್ಕೆ ಬರುವವರ ಹತ್ತಿರ ತುಳು, ಮೀನಿನವನ ಹತ್ತಿರ ಮಲಯಾಳ. ಚೌಕಾಸಿ ಮಾತ್ರ ಮೂರರಲ್ಲೂ.

ಮಗಳ ಮನೆಯಿಂದ ವಾಪಸ್ ಹೋಗುವಾಗ ಕಾಸರಗೋಡಿನಲ್ಲಿ ಇಳಿಯಿರಿ. ಮಧೂರು ದೇವಸ್ಥಾನ ತೋರಿಸುತ್ತೇನೆ. ಊಟಕ್ಕೆ ನಮ್ಮನೆ. ಒಂದೇ ಷರತ್ತು: ಕಾಯಿ ಕಮ್ಮಿ ಹಾಕಿದರೇ ಸಾಂಬಾರು ರುಚಿ ಅಂತ ರೈಲಿನಲ್ಲಿ ವಾದ ಮಾಡಿದಿರಲ್ಲ, ಅದನ್ನು ನಮ್ಮಮ್ಮನ ಎದುರು ಎತ್ತಬೇಡಿ. ನಿಮ್ಮನ್ನು ಕಾಪಾಡುವುದು ನನ್ನಿಂದ ಆಗದು.

ಇತಿ,
ಮೇಲಿನ ಬರ್ತಿನವನು