ಆರ್‌ಎಸ್‌ಎ ಒಳಗೆ ಅಡಗಿರುವ ಆವರ್ತ

*"ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದರೆ ಆರ್‌ಎಸ್‌ಎ, ಎಲಿಪ್ಟಿಕ್ ಕರ್ವ್ ಕೀಗಳೆಲ್ಲ ಹೋದಂತೆಯೇ ಅಂತಾರೆ. ಅದು ಎಲ್ಲಾ ಕೀಗಳನ್ನೂ ಒಂದೇ ಸಲ ಹಾಕಿ ನೋಡುತ್ತದಾ? ಹಾಗಾದರೆ ಪೋಸ್ಟ್-ಕ್ವಾಂಟಮ್ ವಿಧಾನಗಳು ಮಾತ್ರ ಹೇಗೆ ಉಳಿಯುತ್ತವೆ?"*

ಇಲ್ಲ, ಎಲ್ಲಾ ಕೀಗಳನ್ನೂ ಒಂದೇ ಸಲ ಹಾಕಿ ನೋಡುವುದಿಲ್ಲ. ಅಂಥ ಶಕ್ತಿ ಅದಕ್ಕಿದ್ದಿದ್ದರೆ ಯಾವ ಗೂಢಲಿಪಿಯೂ ಉಳಿಯುತ್ತಿರಲಿಲ್ಲ. ಅದಕ್ಕೆ ಚೆನ್ನಾಗಿ ಬರುವ ಕೆಲಸ ಬೇರೆ: ಒಂದು ಲೆಕ್ಕ ಎಷ್ಟು ಹೆಜ್ಜೆಗೊಮ್ಮೆ ಮರುಕಳಿಸುತ್ತದೆ ಎಂದು ಕಂಡುಹಿಡಿಯುವುದು. ಈ ಅಂತರಕ್ಕೆ ಆವರ್ತ ಅನ್ನೋಣ. ಆರ್‌ಎಸ್‌ಎಯಲ್ಲೂ ಎಲಿಪ್ಟಿಕ್ ಕರ್ವ್‌ನಲ್ಲೂ ಗುಟ್ಟು ಇರುವುದು ಇಂಥದೊಂದು ಆವರ್ತದಲ್ಲಿ. ಇದನ್ನು ನಾನು ಪೂರ್ತಿ ನಂಬಿದ್ದು ಪೆನ್ಸಿಲ್ ಹಿಡಿದು ಒಂದು ಪುಟ್ಟ ಲೆಕ್ಕ ಮಾಡಿದ ಮೇಲೆ. ನಿಮಗೂ ಅದನ್ನೇ ತೋರಿಸುತ್ತೇನೆ.

ಆರ್‌ಎಸ್‌ಎಯಲ್ಲಿ ಎಲ್ಲರಿಗೂ ಕಾಣುವ ಸಂಖ್ಯೆ ಎರಡು ಗುಟ್ಟಿನ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ, ಅವೆರಡು ಸಿಕ್ಕರೆ ಕೀ ಮುರಿದಂತೆಯೇ. 35 ಅನ್ನು ನಮ್ಮ ಆರ್‌ಎಸ್‌ಎ ಸಂಖ್ಯೆ ಎಂದುಕೊಳ್ಳಿ. ಅದು 5 ಮತ್ತು 7ರ ಗುಣಲಬ್ಧ ಎಂದು ನಮಗೆ ಗೊತ್ತಿಲ್ಲ ಅಂತಲೂ ಇಟ್ಟುಕೊಳ್ಳಿ. 2ರ ಘಾತಗಳನ್ನು ಒಂದೊಂದಾಗಿ ತೆಗೆದುಕೊಂಡು, 35ರಿಂದ ಭಾಗಿಸಿ ಶೇಷ ಬರೆಯುತ್ತಾ ಹೋಗಿ:

```
x      : 0 1 2 3 4  5  6  7  8  9  10 11 12
2^x%35 : 1 2 4 8 16 32 29 23 11 22 9  18 1
```

ಹನ್ನೆರಡನೇ ಹೆಜ್ಜೆಗೆ ಮತ್ತೆ 1 ಬಂತು, ಅಲ್ಲಿಂದ ಮುಂದೆ ಅದೇ ಸಾಲು. ಆವರ್ತ 12. ಅಂದರೆ 2^12 − 1 ಎಂಬುದು 35ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಅದನ್ನು (2^6 − 1)(2^6 + 1) ಎಂದು ಒಡೆದರೆ 63 × 65. ಈಗ 63 ಮತ್ತು 35ರ ಮಹತ್ತಮ ಸಾಮಾನ್ಯ ಅಪವರ್ತನ ತೆಗೆಯಿರಿ, 7 ಸಿಗುತ್ತದೆ. 65 ಮತ್ತು 35ಕ್ಕೆ ತೆಗೆದರೆ 5. ಕೀ ಮುರಿಯಿತು. 2ರ ಬದಲು 11 ಆರಿಸಿಕೊಂಡಿದ್ದರೆ ಆವರ್ತ 3 ಬರುತ್ತಿತ್ತು. ಬೆಸ ಸಂಖ್ಯೆಯನ್ನು ಅರ್ಧ ಮಾಡಲಾಗದು, ಹಾಗಾಗಿ ಬೇರೆ ಸಂಖ್ಯೆಯಿಂದ ಮತ್ತೆ ಶುರು ಮಾಡಬೇಕು. ಒಂದೆರಡು ಪ್ರಯತ್ನದಲ್ಲಿ ಸಾಮಾನ್ಯವಾಗಿ ಕೆಲಸ ಆಗಿಬಿಡುತ್ತದೆ.

ಇಷ್ಟು ಮಾಡಲು ಕ್ವಾಂಟಮ್ ಏನೂ ಬೇಕಾಗಲಿಲ್ಲ. ಕಷ್ಟ ಇರುವುದು ಆ ಸಾಲಿನ ಉದ್ದದಲ್ಲಿ. 2048 ಬಿಟ್‌ನ ಆರ್‌ಎಸ್‌ಎ ಸಂಖ್ಯೆಗೆ 617 ಅಂಕೆಗಳು. ಅದರ ಆವರ್ತವೂ ಸುಮಾರು ಅಷ್ಟೇ ಉದ್ದದ ಸಂಖ್ಯೆ ಆಗಿರಬಹುದು. ಹೆಜ್ಜೆ ಎಣಿಸುತ್ತಾ ಅಲ್ಲಿಗೆ ತಲುಪುವ ಮಾತೇ ಇಲ್ಲ. ಈಗಿನ ಕಂಪ್ಯೂಟರ್‌ಗಳು ಬೇರೆ ದಾರಿ ಹಿಡಿದು, 2020ರಲ್ಲಿ 829 ಬಿಟ್‌ನ ಒಂದು ಸಂಖ್ಯೆಯನ್ನು ಒಡೆದವು. ಅದಕ್ಕೇ ಸುಮಾರು 2,700 ಕೋರ್-ವರ್ಷಗಳ ದುಡಿಮೆ ಬೇಕಾಯಿತು.

1994ರಲ್ಲಿ ಪೀಟರ್ ಶೋರ್ ತೋರಿಸಿದ್ದು ಈ ಸಾಲನ್ನು ನಡೆಯದೆಯೇ ಆವರ್ತ ಹಿಡಿಯುವ ದಾರಿ. ನಮ್ಮ 35ಕ್ಕೇ ಅದನ್ನು ಹಾಕಿ ನೋಡೋಣ. 11 ಕ್ಯೂಬಿಟ್‌ಗಳ, ಅಂದರೆ ಕ್ವಾಂಟಮ್ ಬಿಟ್‌ಗಳ, ಒಂದು ರೆಜಿಸ್ಟರ್‌ನಲ್ಲಿ 0ಯಿಂದ 2047ರವರೆಗಿನ ಎಲ್ಲಾ x ಬೆಲೆಗಳನ್ನೂ ಒಂದೇ ಸ್ಥಿತಿಯಲ್ಲಿ ಬೆರೆಸಿ, ಅಂದರೆ ಸೂಪರ್‌ಪೊಸಿಷನ್‌ನಲ್ಲಿ ಇಟ್ಟು, ಇನ್ನೊಂದು ರೆಜಿಸ್ಟರ್‌ನಲ್ಲಿ 2^xನ ಶೇಷ ಲೆಕ್ಕ ಮಾಡಿಸುತ್ತೇವೆ. ಎರಡನೆಯದನ್ನು ಅಳೆದಾಗ 8 ಬಂತು ಅನ್ನಿ. ಆಗ ಮೊದಲನೆಯದರಲ್ಲಿ 8 ಕೊಡುವ x ಬೆಲೆಗಳು ಮಾತ್ರ ಉಳಿಯುತ್ತವೆ: 3, 15, 27, 39, ಹೀಗೆ ಹನ್ನೆರಡರ ಅಂತರದಲ್ಲಿ.

ಉತ್ತರ ಕೈಗೆ ಬಂದೇಬಿಟ್ಟಿತು ಅನ್ನಿಸುತ್ತದೆ. ಆದರೆ ಈಗ ಅಳೆದರೆ ಆ ಬೆಲೆಗಳಲ್ಲಿ ಯಾವುದೋ ಒಂದು ಸಿಗುತ್ತದೆ, ಮಿಕ್ಕವು ಹೋಗಿಬಿಡುತ್ತವೆ. ಬರೀ 27 ಅನ್ನು ನೋಡಿ ಅಂತರ 12 ಎಂದು ಯಾರೂ ಹೇಳಲಾರರು. ಮತ್ತೆ ಮೊದಲಿಂದ ಮಾಡಿದರೆ ಎರಡನೆಯ ರೆಜಿಸ್ಟರ್‌ನಲ್ಲಿ 8ರ ಬದಲು ಬೇರೇನೋ ಬರುತ್ತದೆ. "ಎಲ್ಲವನ್ನೂ ಒಟ್ಟಿಗೆ ನೋಡುತ್ತದೆ" ಎಂಬ ಮಾತು ಮುಗ್ಗರಿಸುವುದು ಇಲ್ಲೇ. ಅಳೆಯುವ ಮುಂಚೆ ಕ್ವಾಂಟಮ್ ಫೋರಿಯರ್ ರೂಪಾಂತರ ಮಾಡಬೇಕು. ಅದರಲ್ಲಿ ಈ ಬೆಲೆಗಳು ಅಲೆಗಳಂತೆ ಒಂದರ ಮೇಲೊಂದು ಬಿದ್ದು, ಹೆಚ್ಚಿನ ಕಡೆ ಪರಸ್ಪರ ಅಳಿಸಿಹೋಗುತ್ತವೆ. ಉಳಿಯುವುದು 2048/12, ಅಂದರೆ ಸುಮಾರು 170.67ರ ಗುಣಕಗಳ ಹತ್ತಿರ ಎದ್ದು ನಿಲ್ಲುವ 12 ಶಿಖರಗಳು. ಮೊದಲ ಬೆಲೆ 3 ಇರಲಿ, 7 ಇರಲಿ, ಶಿಖರಗಳ ಜಾಗ ಬದಲಾಗುವುದಿಲ್ಲ. ಇಡೀ ವಿಧಾನದಲ್ಲಿ ನನಗೆ ಬಹಳ ಸುಂದರವಾಗಿ ಕಾಣುವುದು ಇದೇ.

ಈಗ ಅಳೆಯಿರಿ. 853 ಬಂತು ಅನ್ನಿ. 853/2048 ಅನ್ನು ಸರಪಳಿ ಭಿನ್ನರಾಶಿಯಾಗಿ ಬಿಡಿಸಿದರೆ 1/2, 2/5, 5/12, 212/509 ಎಂಬ ಅಂದಾಜುಗಳು ಸಿಗುತ್ತವೆ. 35ಕ್ಕಿಂತ ಚಿಕ್ಕ ಛೇದಗಳಲ್ಲಿ ಕೊನೆಯದು 12. ಒಂದು ವೇಳೆ 512 ಬಂದಿದ್ದರೆ? ಅದು 1/4, ಹಾಗಾಗಿ ಆವರ್ತ 4 ಅನ್ನಿಸುತ್ತದೆ. ಆದರೆ 2^4ರ ಶೇಷ 16, 1 ಅಲ್ಲ. ತಪ್ಪು ಅಲ್ಲೇ ಗೊತ್ತಾಗುತ್ತದೆ, ಮತ್ತೊಮ್ಮೆ ಓಡಿಸಿದರಾಯಿತು. ಉತ್ತರ ಸರಿಯೇ ಎಂದು ಒಂದು ಗುಣಾಕಾರದಲ್ಲಿ ತಿಳಿಯುವುದರಿಂದ ಯಂತ್ರ ಆಗಾಗ ತಪ್ಪಿದರೂ ದಾಳಿ ಮಾಡುವವನಿಗೆ ನಷ್ಟವಿಲ್ಲ.

ಎಲಿಪ್ಟಿಕ್ ಕರ್ವ್‌ನಲ್ಲಿ ಒಡೆಯಲು ಸಂಖ್ಯೆಯೇ ಇಲ್ಲವಲ್ಲ ಅನ್ನಬಹುದು. ಅಲ್ಲಿ ಎಲ್ಲರಿಗೂ ಗೊತ್ತಿರುವ ಬಿಂದು P, ನಿಮ್ಮ ಗುಟ್ಟಿನ ಸಂಖ್ಯೆ k, ಸಾರ್ವಜನಿಕ ಕೀ Q = kP. aP + bQ ಎಂಬ ಲೆಕ್ಕವನ್ನು ನೋಡಿ. aಗೆ k ಕೂಡಿಸಿ, bಯಿಂದ 1 ಕಳೆಯಿರಿ: ಒಂದು ಕಡೆ kP ಹೆಚ್ಚಾಯಿತು, ಇನ್ನೊಂದು ಕಡೆ Q ಕಡಿಮೆಯಾಯಿತು. ಎರಡೂ ಒಂದೇ ಆದ್ದರಿಂದ ಉತ್ತರ ಬದಲಾಗಲಿಲ್ಲ. ಇದೂ ಆವರ್ತವೇ, ಎರಡು ದಿಕ್ಕಿನಲ್ಲಿ ಹರಡಿದೆ ಅಷ್ಟೆ, ಮತ್ತು ಅದರೊಳಗೆ k ನೇರವಾಗಿ ಕೂತಿದೆ. ಶೋರ್ ವಿಧಾನ ಅದನ್ನೂ ಹೆಕ್ಕಿ ತೆಗೆಯುತ್ತದೆ. ಇಲ್ಲಿ ಸಂಖ್ಯೆಗಳು ಚಿಕ್ಕವಾದ್ದರಿಂದ ಕೆಲಸ ಇನ್ನೂ ಹಗುರ. 2017ರ ಒಂದು ಅಂದಾಜಿನಲ್ಲಿ 256 ಬಿಟ್‌ನ ಕರ್ವ್‌ಗೆ 2,330 ಲಾಜಿಕಲ್ ಕ್ಯೂಬಿಟ್ ಬೇಕಿದ್ದರೆ, ಅದಕ್ಕೆ ಸಮಬಲ ಎನ್ನುವ 3072 ಬಿಟ್‌ನ ಆರ್‌ಎಸ್‌ಎಗೆ 6,146 ಬೇಕಿತ್ತು. ಎಲಿಪ್ಟಿಕ್ ಕರ್ವ್ ಹೊಸದು, ಹಾಗಾಗಿ ಹೆಚ್ಚು ಕಾಲ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಲಾಜಿಕಲ್ ಎಂಬ ಪದ ಇಲ್ಲಿ ಮುಖ್ಯ. ನಿಜವಾದ ಕ್ಯೂಬಿಟ್‌ಗಳು ತಪ್ಪು ಮಾಡುತ್ತಲೇ ಇರುತ್ತವೆ. ನಂಬಬಹುದಾದ ಒಂದನ್ನು ಕಟ್ಟಲು ನೂರಾರು ಬೇಕು. ಕ್ರೇಗ್ ಗಿಡ್ನಿ ಮತ್ತು ಮಾರ್ಟಿನ್ ಎಕೆರೋ 2019ರಲ್ಲಿ 2048 ಬಿಟ್‌ನ ಆರ್‌ಎಸ್‌ಎಗೆ 2 ಕೋಟಿ ಭೌತಿಕ ಕ್ಯೂಬಿಟ್, 8 ಗಂಟೆ ಎಂದು ಲೆಕ್ಕ ಹಾಕಿದ್ದರು. 2025ರಲ್ಲಿ ಗಿಡ್ನಿಯೇ ಅದನ್ನು 10 ಲಕ್ಷಕ್ಕಿಂತ ಕಡಿಮೆಗೆ ಇಳಿಸಿದರು, ಸಮಯ ಒಂದು ವಾರದೊಳಗೆ. ಅಂಥ ಯಂತ್ರ ಇವತ್ತು ಎಲ್ಲೂ ಇಲ್ಲ. ಆದರೆ ಆ ಆರು ವರ್ಷದಲ್ಲಿ ಗುರಿಯೇ ಇಪ್ಪತ್ತು ಪಟ್ಟು ಹತ್ತಿರ ಸರಿದಿದೆ ಎಂಬುದು ನನಗೆ ಕಳವಳ ತರುತ್ತದೆ.

ಇನ್ನು ಪೋಸ್ಟ್-ಕ್ವಾಂಟಮ್. ಇವು ಕ್ವಾಂಟಮ್ ಯಂತ್ರಕ್ಕೂ ಜಗ್ಗದಿರಲಿ ಎಂದು ಕಟ್ಟಿದ, ಆದರೆ ನಮ್ಮ ಮಾಮೂಲಿ ಕಂಪ್ಯೂಟರ್‌ನಲ್ಲೇ ಓಡುವ ವಿಧಾನಗಳು. ಹ್ಯಾಶ್ ಮೇಲೆ ನಿಂತ ಸಹಿಗಳಿವೆ, ದೋಷ ತಿದ್ದುವ ಕೋಡ್‌ಗಳ ಮೇಲೆ ನಿಂತವೂ ಇವೆ. ಆದರೆ ಹೆಚ್ಚು ಬಳಕೆಗೆ ಬರುತ್ತಿರುವುದು ಲ್ಯಾಟಿಸ್ ಕುಟುಂಬ, ಹಾಗಾಗಿ ಅದನ್ನೇ ಹತ್ತಿರದಿಂದ ನೋಡೋಣ. ಇದರ ಬುಡದಲ್ಲಿರುವ ಕಷ್ಟದ ಸಮಸ್ಯೆಯನ್ನು 2005ರಲ್ಲಿ ಒಡೆಡ್ ರೆಗೆವ್ ಮುಂದಿಟ್ಟರು. ಗುಟ್ಟು x = 5, y = 11 ಇರಲಿ, ಎಲ್ಲಾ ಲೆಕ್ಕವೂ 17ರಿಂದ ಭಾಗಿಸಿದ ಶೇಷದಲ್ಲಿ ನಡೆಯಲಿ. 3x + 7y ಅಂದರೆ 7, 4x + 2y ಅಂದರೆ 8. ಇವನ್ನು ಹಾಗೇ ಕೊಟ್ಟರೆ ಶಾಲೆಯ ಮಕ್ಕಳೂ x, y ಬಿಡಿಸುತ್ತಾರೆ. ಅದಕ್ಕೇ ಮೊದಲನೆಯದಕ್ಕೆ 1 ಕೂಡಿಸಿ, ಎರಡನೆಯದರಲ್ಲಿ 1 ಕಳೆದು ಹೊರಗೆ ಕೊಡುತ್ತೇವೆ:

```
3x + 7y ≈ 8  (mod 17)
4x + 2y ≈ 7  (mod 17)
```

ಈಗ ಬಿಡಿಸಿ ನೋಡಿ, x = 10, y = 9 ಬರುತ್ತದೆ. ಒಂದೊಂದೇ ಅಂಕೆಯ ಏರುಪೇರು ಉತ್ತರವನ್ನು ಎಲ್ಲೋ ಒಯ್ದುಬಿಟ್ಟಿತು, ಏಕೆಂದರೆ ಸಮೀಕರಣ ಬಿಡಿಸುವಾಗ ಮಾಡುವ ಪ್ರತಿ ಗುಣಾಕಾರವೂ ಆ ಸಣ್ಣ ದೋಷವನ್ನು ಹಿಗ್ಗಿಸುತ್ತದೆ. ಎರಡೇ ಗುಟ್ಟುಗಳಿದ್ದರೆ ಎಲ್ಲವನ್ನೂ ಹಾಕಿ ನೋಡಬಹುದು. ಈ ಕುಟುಂಬದ ಕೀ ವಿನಿಮಯ ವಿಧಾನವಾದ ಎಮ್‌ಎಲ್-ಕೆಇಎಮ್‌ನ 768 ಎಂಬ ಮಟ್ಟದಲ್ಲಿ ಅಂಥ 768 ಗುಟ್ಟುಗಳು, 17ರ ಜಾಗದಲ್ಲಿ 3329, ದೋಷ −2ರಿಂದ 2ರೊಳಗೆ. ಗುಟ್ಟು ಗೊತ್ತಿರುವವರು ಅದನ್ನು ಹಾಕಿ ಕಳೆದರೆ ಉಳಿಯುವುದು ಸಣ್ಣ ದೋಷ ಮಾತ್ರ, ಅದರಾಚೆಗೆ ಸಂದೇಶದ ಬಿಟ್ ಎದ್ದು ಕಾಣುತ್ತದೆ. ಗೊತ್ತಿಲ್ಲದವರಿಗೆ ಎಲ್ಲವೂ ಚೆಲ್ಲಾಪಿಲ್ಲಿ ಸಂಖ್ಯೆಗಳು.

ಶೋರ್ ವಿಧಾನ ಇಲ್ಲಿ ಏಕೆ ನಡೆಯುವುದಿಲ್ಲ ಎಂದು ಈಗ ಕಾಣಿಸುತ್ತದೆ. ಅದಕ್ಕೆ ಮತ್ತೆಮತ್ತೆ ಕರಾರುವಾಕ್ಕಾಗಿ ಅದೇ ಬೆಲೆ ಕೊಡುವ ಲೆಕ್ಕ ಬೇಕು. ಇಲ್ಲಿ ನೇರವಾಗಿದ್ದ ಸಂಬಂಧವನ್ನು ದೋಷ ಕದಡಿಬಿಟ್ಟಿದೆ; ಅಲೆಗಳು ಸೇರಿ ಶಿಖರ ಕಟ್ಟಲು ಶುದ್ಧ ಆವರ್ತವೇ ಸಿಗುವುದಿಲ್ಲ. ಆದರೂ ಇದು ಅಸಾಧ್ಯ ಎಂದು ಯಾರೂ ಸಾಧಿಸಿಲ್ಲ. 2024ರ ಏಪ್ರಿಲ್‌ನಲ್ಲಿ ಯಿಲೆ ಚೆನ್ ಎಂಬ ಸಂಶೋಧಕರು ಈ ಸಮಸ್ಯೆಗೊಂದು ಕ್ವಾಂಟಮ್ ಪರಿಹಾರ ಪ್ರಕಟಿಸಿದಾಗ ಆ ವಾರವಿಡೀ ನಾನು ಅದನ್ನೇ ಓದುತ್ತಿದ್ದೆ. ಎಂಟು ದಿನದಲ್ಲಿ ಒಂಬತ್ತನೇ ಹೆಜ್ಜೆಯಲ್ಲಿ ತಪ್ಪು ಸಿಕ್ಕಿತು. ಸೈಕ್ ಎಂಬ ಇನ್ನೊಂದು ಪೋಸ್ಟ್-ಕ್ವಾಂಟಮ್ ವಿಧಾನಕ್ಕೆ ಆ ಅದೃಷ್ಟ ಇರಲಿಲ್ಲ. 2022ರಲ್ಲಿ ಅದನ್ನು ಮಾಮೂಲಿ ಕಂಪ್ಯೂಟರ್‌ನ ಒಂದೇ ಕೋರ್ ಸುಮಾರು ಒಂದು ಗಂಟೆಯಲ್ಲಿ ಮುರಿಯಿತು. ಈ ಕಾರಣಕ್ಕೇ ಈಗ ಹಳೆಯ ಎಲಿಪ್ಟಿಕ್ ಕರ್ವ್ ಮತ್ತು ಹೊಸ ಲ್ಯಾಟಿಸ್ ಎರಡನ್ನೂ ಜೋಡಿಸಿ ಒಂದೇ ಕೀ ಮಾಡುತ್ತಾರೆ: ಎರಡೂ ಬಿದ್ದರೆ ಮಾತ್ರ ಗುಟ್ಟು ಹೊರಬೀಳುತ್ತದೆ.

ಇದಕ್ಕೆ ಬೆಲೆಯೂ ಇದೆ. ಹಳೆಯ ಎಲಿಪ್ಟಿಕ್ ಕರ್ವ್‌ನ ಸಾರ್ವಜನಿಕ ಕೀ 32 ಬೈಟ್, ಎಮ್‌ಎಲ್-ಕೆಇಎಮ್ 768ರದ್ದು 1,184 ಬೈಟ್. ನಾನು ನೋಡಿಕೊಳ್ಳುತ್ತಿದ್ದ ಒಂದು ಜಾಲದಲ್ಲಿ ಇದನ್ನು ಹಾಕಿದ ದಿನ ಕೆಲವು ಸಂಪರ್ಕಗಳು ಮೊದಲ ಸಂದೇಶದಲ್ಲೇ ನಿಂತುಬಿಟ್ಟವು. ಆ ಸಂದೇಶ ಈಗ ಒಂದು ಪ್ಯಾಕೆಟ್‌ನಲ್ಲಿ ಹಿಡಿಯದೆ ಎರಡಾಗುತ್ತಿತ್ತು, ದಾರಿಯಲ್ಲಿದ್ದ ಹಳೆಯ ಜಾಲ ಉಪಕರಣವೊಂದು ಅಂಥದ್ದನ್ನು ಬಿಸಾಡುತ್ತಿತ್ತು. ಹೊಸ ವಿಧಾನ ತೆಗೆದರೆ ಸರಿಹೋಗುತ್ತದೆ, ಹಾಕಿದರೆ ನಿಲ್ಲುತ್ತದೆ ಅಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಯಂತ್ರ ಬರುವ ಮುಂಚೆ ಇಷ್ಟೆಲ್ಲ ಏಕೆ ಅಂದರೆ, ಇವತ್ತು ತಂತಿಯಲ್ಲಿ ಹೋಗುವುದನ್ನು ಯಾರಾದರೂ ಹಿಡಿದಿಟ್ಟುಕೊಂಡು ಮುಂದೆ ಬಿಡಿಸಬಹುದು. ಸಹಿಗಳಿಗೆ ಈ ಆತುರ ಅಷ್ಟಿಲ್ಲ, ಏಕೆಂದರೆ ನಕಲಿ ಸಹಿ ಮಾಡಲು ಯಂತ್ರ ಮೊದಲು ಬಂದಿರಬೇಕು. ನಿಮ್ಮ ಸರ್ವರ್‌ಗೆ ಹೋಗುವ ಎಸ್‌ಎಸ್‌ಎಚ್ ಸಂಪರ್ಕ ಯಾವುದನ್ನು ಬಳಸುತ್ತಿದೆ ಎಂದು ಹೀಗೆ ನೋಡಿ:

```
ssh -v user@host 2>&1 | grep "kex: algorithm"
```

`mlkem768x25519-sha256` ಅಥವಾ `sntrup761x25519` ಎಂದು ಶುರುವಾಗುವ ಹೆಸರು ಬಂದರೆ ಜೋಡಿ ವಿಧಾನ ಆಗಲೇ ಚಾಲ್ತಿಯಲ್ಲಿದೆ. ಬರೀ `curve25519-sha256` ಬಂದರೆ, ಆ ಸೆಷನ್ ಅನ್ನು ಇವತ್ತು ದಾಖಲಿಸಿಕೊಂಡವರಿಗೆ ಮುಂದೆ ಬೇಕಾಗಿರುವುದು ಮೇಲೆ ಹೇಳಿದ ಆ ಎರಡು ದಿಕ್ಕಿನ ಆವರ್ತ ಮಾತ್ರ.