ಗೆಳೆಯನ ತಂದೆ ತೀರಿಕೊಂಡಾಗ ಏನು ಬರೆಯಬೇಕು?

"ಗೆಳೆಯನ ಅಪ್ಪ ನಿನ್ನೆ ರಾತ್ರಿ ತೀರಿಕೊಂಡರು. ನಾನು ಬೇರೆ ಊರಲ್ಲಿದ್ದೇನೆ, ತಕ್ಷಣ ಹೋಗಲು ಆಗುತ್ತಿಲ್ಲ. ಏನಂತ ಮೆಸೇಜ್ ಕಳಿಸಲಿ? ಯಾವ ಮಾತು ಬರೆಯಬಾರದು?"

ಇವತ್ತೇ ಕಳಿಸಿ, ನಾಲ್ಕೈದು ಸಾಲು ಸಾಕು. ದೀಪದ ಚಿತ್ರ ಹಾಕಿದ 'ಓಂ ಶಾಂತಿ' ಫಾರ್ವರ್ಡ್ ಬೇಡ. ಅಂಥದ್ದು ಅವರ ಫೋನಿನಲ್ಲಿ ಈಗಾಗಲೇ ತುಂಬಿರುತ್ತದೆ. ಗ್ರೂಪಿನಲ್ಲಿ ಬರೆದು ಸುಮ್ಮನಾಗಬೇಡಿ, ಅವರಿಗೇ ಬರೆಯಿರಿ. ಅವರ ಅಪ್ಪನ ಬಗ್ಗೆ ನಿಮಗೆ ನೆನಪಿರುವ ಒಂದು ವಿಷಯ ಅದರಲ್ಲಿರಲಿ. ನಾನಾದರೆ ಹೀಗೆ ಬರೆಯುತ್ತೇನೆ:

"ವಿಷಯ ಈಗ ಗೊತ್ತಾಯ್ತು ಕಣೋ. ತುಂಬಾ ಸಂಕಟ ಆಗ್ತಿದೆ. ಮನೆಗೆ ಬಂದಾಗೆಲ್ಲ ಅಪ್ಪ 'ಊಟ ಮಾಡ್ಕೊಂಡೇ ಹೋಗು' ಅಂತ ಕೂರಿಸಿಬಿಡ್ತಿದ್ರು, ಅದೇ ನೆನಪಾಗ್ತಿದೆ. ಇದಕ್ಕೆ ಉತ್ತರ ಬರೀಬೇಡ. ನಾಳೆ ಸಂಜೆ ಫೋನ್ ಮಾಡ್ತೀನಿ, ಎತ್ತೋಕೆ ಆಗದಿದ್ರೂ ಪರವಾಗಿಲ್ಲ. ಅಮ್ಮನನ್ನ ನೋಡ್ಕೋ."

ಅಪ್ಪನನ್ನು ನೀವು ನೋಡಿಯೇ ಇಲ್ಲದಿದ್ದರೆ, ಗೆಳೆಯ ಅವರ ಬಗ್ಗೆ ಹೇಳಿದ್ದ ಮಾತನ್ನು ನೆನೆಯಿರಿ. ನೆನಪನ್ನು ಹುಟ್ಟುಹಾಕಬೇಡಿ. 'ಸದ್ಗತಿ', 'ಮೋಕ್ಷ' ಎಂಬ ಮಾತು ಆ ಮನೆಯವರ ನಂಬಿಕೆಗೆ ಹೊಂದುತ್ತದೆ ಅಂತ ಗೊತ್ತಿದ್ದರೆ ಮಾತ್ರ ಬಳಸಿ.

ಇನ್ನು ಬರೆಯಬಾರದ್ದು. ನಮ್ಮಲ್ಲಿ ಜಾಸ್ತಿ ಕೇಳಿಬರುವುದು 'ವಯಸ್ಸಾಗಿತ್ತಲ್ವಾ' ಮತ್ತು 'ನರಳದೆ ಹೋದ್ರು, ಪುಣ್ಯವಂತರು'. ಅಪ್ಪನಿಗೆ ಎಂಬತ್ತೈದಾಗಿದ್ದರೂ ಮಗನಿಗೆ ಅವರು ಅಪ್ಪನೇ. ಆ ಮಾತನ್ನು ಅವನೇ ಆಡಿದರೆ ಹೂಂ ಅನ್ನಿ, ನೀವಾಗಿ ಆಡಬೇಡಿ. 'ಏನಾಗಿತ್ತು?' ಅಂತ ಕೇಳಬೇಡಿ. ಬಂದವರಿಗೆಲ್ಲ ಅದನ್ನೇ ಹೇಳಿ ಹೇಳಿ ಅವನು ಸುಸ್ತಾಗಿರುತ್ತಾನೆ. 'ಸ್ವಲ್ಪ ಮೊದಲೇ ತೋರಿಸಿದ್ದರೆ' ಎಂಬ ಮಾತಂತೂ ಖಂಡಿತ ಬೇಡ. ಆ ಪ್ರಶ್ನೆ ಅವನನ್ನು ಆಗಲೇ ಕೊರೆಯುತ್ತಿರುತ್ತದೆ. ನೀವೂ ಕೇಳಿದರೆ ತಪ್ಪು ತನ್ನದೇ ಅಂತ ಅವನಿಗೆ ಗಟ್ಟಿಯಾಗುತ್ತದೆ. 'ಇನ್ಮೇಲೆ ನೀನೇ ಮನೆಗೆ ದೊಡ್ಡವನು, ಧೈರ್ಯ ತಗೋ' ಎನ್ನುವುದೂ ಹಾಗೇ: ಅಳಬೇಕಾದವನ ಬಾಯಿ ಕಟ್ಟುತ್ತದೆ.

'ಏನಾದ್ರೂ ಬೇಕಿದ್ರೆ ಹೇಳು' ಎಂದರೆ ಯಾರೂ ಹೇಳುವುದಿಲ್ಲ. ನೀವು ಮಾಡಬಲ್ಲ ಒಂದು ಕೆಲಸದ ಹೆಸರು ಹೇಳಿ. ನಿಮ್ಮ ಕಾಲೇಜು ಗೆಳೆಯರಿಗೆ ಸುದ್ದಿ ತಿಳಿಸುವುದಾಗಬಹುದು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಮರಣದ ನೋಂದಣಿಗೆ ಆಸ್ಪತ್ರೆಯವರೇ ವರದಿ ಕೊಡಬೇಕು, ಮನೆಯಲ್ಲಾದರೆ ಮನೆಯವರು 21 ದಿನದೊಳಗೆ ತಿಳಿಸಬೇಕು. ಈ ಗಡಿಬಿಡಿಯಲ್ಲಿ ಅದು ಮರೆತುಹೋಗುತ್ತದೆ. ಆದರೆ ಮೊದಲ ಮೆಸೇಜಿನಲ್ಲಿ ಇದನ್ನು ಎತ್ತಬೇಡಿ. ಕಾರ್ಯ ಮುಗಿಯುವ ಹೊತ್ತಿಗೆ ಫೋನಿನಲ್ಲಿ ಕೇಳಿ.

ನೆಂಟರೆಲ್ಲ ಹೊರಟ ಮೇಲೆ ಎರಡನೇ ಮೆಸೇಜ್ ಕಳಿಸಿ. ಮೊದಲ ವಾರ ಮನೆ ತುಂಬಾ ಜನ ಇರುತ್ತಾರೆ, ಆಮೇಲೆ ಫೋನೂ ಬರುವುದು ನಿಲ್ಲುತ್ತದೆ. "ಈ ಭಾನುವಾರ ಬರ್ತಾ ಇದ್ದೀನಿ, ಸುಮ್ನೆ ಕೂತಿದ್ದು ಹೋಗ್ತೀನಿ" ಅಂತ ಬರೆದರೆ ಸಾಕು. ಬರೆದ ಮೇಲೆ ಹೋಗಿ.