ಹರಿಹರದ ಮದುವೆ ಮತ್ತು ನನ್ನ 256 ಜಿಬಿ ಲ್ಯಾಪ್‌ಟಾಪ್

ಪ್ರಶ್ನೆ: ದಾವಣಗೆರೆಯಲ್ಲಿ ಮದುವೆ ಫೋಟೊ, ವಿಡಿಯೊ ಕೆಲಸ ಶುರು ಮಾಡ್ತಾ ಇದೀನಿ. 256 ಜಿಬಿ ಎಸ್‌ಎಸ್‌ಡಿ ಲ್ಯಾಪ್‌ಟಾಪ್ ತಗೊಂಡು 100 ಜಿಬಿ ಕ್ಲೌಡ್ ಹಾಕಿಸಿಕೊಂಡ್ರೆ ಸಾಕಲ್ವಾ? ಸುಮ್ನೆ 512ಕ್ಕೆ ಯಾಕೆ ದುಡ್ಡು ಹಾಕಬೇಕು?

ಇದೇ ಲೆಕ್ಕ ಹಾಕಿ ನಾನೂ 256 ಜಿಬಿದೇ ತಗೊಂಡಿದ್ದೆ. 512ರದ್ದಕ್ಕೆ ನಾಲ್ಕೂವರೆ ಸಾವಿರ ಜಾಸ್ತಿ ಹೇಳಿದ್ರು. ಅಷ್ಟು ದುಡ್ಡಲ್ಲಿ ಮೂರು ವರ್ಷ ಕ್ಲೌಡ್ ಕಟ್ಟಬಹುದಲ್ಲ ಅಂದುಕೊಂಡು ಪಿ.ಜೆ. ಬಡಾವಣೆಯ ನನ್ನ ಪುಟ್ಟ ಸ್ಟುಡಿಯೊಗೆ ಅದನ್ನೇ ತಂದೆ. ಮೂರು ತಿಂಗಳು ಏನೂ ತೊಂದರೆ ಆಗಲಿಲ್ಲ.

ಆಮೇಲೆ ಹರಿಹರದಲ್ಲಿ ಒಂದು ಮದುವೆ ಬಂತು. ಶನಿವಾರ ರಾತ್ರಿ ಆರತಕ್ಷತೆ ಒಂದು ಕಾರ್ಡಲ್ಲಿ, ಭಾನುವಾರದ ಮುಹೂರ್ತ ಇನ್ನೊಂದು ಕಾರ್ಡಲ್ಲಿ. ಒಟ್ಟು 2200 ರಾ ಫೋಟೊ. ನನ್ನ ಕ್ಯಾಮೆರಾದಲ್ಲಿ ಒಂದು ರಾ ಫೈಲ್ ಸುಮಾರು 28 ಎಂಬಿ, ಹಾಗಾಗಿ ಎಲ್ಲ ಸೇರಿ 62 ಜಿಬಿ ಆತು. ಸೋಮವಾರ ಸಂಜೆ ಎರಡೂ ಕಾರ್ಡನ್ನ ಕ್ಲೌಡ್ ಡ್ರೈವ್‌ಗೆ ಎಳೆದು ಹಾಕಿದೆ. ಕ್ಲೌಡ್ ಆ್ಯಪ್ ಹಾಕಿದ ಮೇಲೆ ಎಕ್ಸ್‌ಪ್ಲೋರರ್‌ನಲ್ಲಿ `G:` ಅಂತ ಇನ್ನೊಂದು ಡ್ರೈವ್ ಬಂದಿತ್ತು, ಅದಕ್ಕೆ. 20 ನಿಮಿಷದಲ್ಲಿ ಕಾಪಿ ಮುಗೀತು. ಫೈಲುಗಳು ಅಲ್ಲಿ ಸಾಲಾಗಿ ಕಾಣ್ತಿದ್ವು, ತೆರೆದರೆ ತೆರೀತಿದ್ವು. ಬುಧವಾರ ಒಂದು ಗೃಹಪ್ರವೇಶ ಇತ್ತಲ್ಲ, ಅದಕ್ಕೆ ಅಂತ ಅವತ್ತು ರಾತ್ರಿನೇ ಎರಡೂ ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.

ಆ 20 ನಿಮಿಷವನ್ನ ನಾನು ಅವತ್ತೇ ಅನುಮಾನದಿಂದ ನೋಡಬೇಕಿತ್ತು. ನಮ್ಮ ಮನೆ ನೆಟ್ಟಿನ ಅಪ್‌ಲೋಡ್ ವೇಗ 20 ಎಂಬಿಪಿಎಸ್. ಅದು ಬಿಟ್‌ಗಳ ಲೆಕ್ಕ. ಎಂಟರಿಂದ ಭಾಗಿಸಿದ್ರೆ ಸೆಕೆಂಡಿಗೆ ಎರಡೂವರೆ ಎಂಬಿ, ಗಂಟೆಗೆ 9 ಜಿಬಿ. 62 ಜಿಬಿ ಮೇಲೆ ಹೋಗೋಕೆ ಎಲ್ಲೂ ನಿಲ್ಲದೆ ಏಳು ಗಂಟೆ ಬೇಕು. 20 ನಿಮಿಷದಲ್ಲಿ ಮುಗೀತು ಅಂದ್ರೆ ಫೋಟೊಗಳು ಇನ್ನೂ ನನ್ನ ಮೇಜು ಬಿಟ್ಟು ಹೊರಗೇ ಹೋಗಿಲ್ಲ ಅಂತ ಅರ್ಥ. ಆ `G:` ಅನ್ನೋದು ಬೇರೆ ಜಾಗ ಅಲ್ಲ. ಅದಕ್ಕೆ ಹಾಕಿದ್ದೆಲ್ಲ ಮೊದಲು `C:` ಡ್ರೈವಿನೊಳಗಿನ ಒಂದು ಮರೆಯಾದ ಫೋಲ್ಡರಿನಲ್ಲಿ ಕೂರುತ್ತೆ. ಅಲ್ಲಿಂದ ನೆಟ್ ಇದ್ದಾಗ ಒಂದೊಂದಾಗಿ ಮೇಲೆ ಹೋಗುತ್ತೆ. ಲ್ಯಾಪ್‌ಟಾಪ್ ಮುಚ್ಚಿ ಅದು ಸ್ಲೀಪ್‌ಗೆ ಹೋದ್ರೆ ಅಪ್‌ಲೋಡೂ ನಿಲ್ಲುತ್ತೆ. ನಾನು ಆರೂವರೆಗೆ ಶುರು ಮಾಡಿ ಹನ್ನೊಂದಕ್ಕೆ ಮುಚ್ಚಿದ್ದೆ. ನಾಲ್ಕೂವರೆ ಗಂಟೆಯಲ್ಲಿ ಹೋಗಿದ್ದು ಸುಮಾರು 41 ಜಿಬಿ: ಆರತಕ್ಷತೆಯ ಕಾರ್ಡು ಪೂರ್ತಿ, ಮುಹೂರ್ತದ ಕಾರ್ಡಿನ ಶುರುವಿನ ಸ್ವಲ್ಪ.

ಮಂಗಳವಾರ ಇಡೀ ದಿನ ಜಗಳೂರಲ್ಲಿ ಆಲ್ಬಂ ಕೊಡೋ ಕೆಲಸ. ಸಂಜೆ ಬಂದು ತೆರೆದ್ರೆ `C:` ಕೆಂಪು ಪಟ್ಟಿ, ಮೂರು ಜಿಬಿ ಉಳಿದಿತ್ತು, ಎಡಿಟಿಂಗ್ ಸಾಫ್ಟ್‌ವೇರ್ ತೆರೀತಾನೇ ಇರಲಿಲ್ಲ. ಜಾಗ ಎಲ್ಲಿ ಹೋಯ್ತು ಅಂತ ಹುಡುಕಿದಾಗ `AppData` ಒಳಗೆ ಆ ಕ್ಲೌಡ್ ಆ್ಯಪಿನ ಹೆಸರಲ್ಲಿ 60 ಜಿಬಿಗೂ ಮೇಲಿನ ಫೋಲ್ಡರ್ ಸಿಕ್ತು. ಒಳಗಿದ್ದ ಫೈಲುಗಳಿಗೆ ಫೋಟೊದ ಹೆಸರಿಲ್ಲ, ಬರೀ ಅಂಕಿ. ಇದು ಕ್ಯಾಶ್, ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಳ್ಳೋ ನಕಲು, ಅಂದ್ರೆ ಕಸ, ಅಸಲಿ ಮೇಲಿದೆಯಲ್ಲ ಅಂದುಕೊಂಡೆ. ಆ್ಯಪ್ ನಿಲ್ಲಿಸಿ, ಶಿಫ್ಟ್ ಒತ್ತಿಕೊಂಡು ಡಿಲೀಟ್ ಮಾಡಿದೆ. ಮಾಂಗಲ್ಯಧಾರಣೆಯ ಫೋಟೊಗಳು ಪ್ರಪಂಚದಲ್ಲಿ ಇದ್ದದ್ದು ಆ ಫೋಲ್ಡರಿನಲ್ಲಿ ಮಾತ್ರ.

ಮರಳಿ ತೆಗೆಯೋಕೆ ನೋಡಿದೆ. ಎಸ್‌ಎಸ್‌ಡಿಯಲ್ಲಿ ಅದು ಹೆಚ್ಚುಕಡಿಮೆ ಆಗದ ಕೆಲಸ. ಹಳೇ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಮೇಲೂ ಡೇಟಾ ಹಾಗೇ ಬಿದ್ದಿರುತ್ತೆ. ಎಸ್‌ಎಸ್‌ಡಿಗೆ ವಿಂಡೋಸ್ ಟ್ರಿಮ್ ಅನ್ನೋ ಸೂಚನೆ ಕೊಟ್ಟುಬಿಡುತ್ತೆ, ಆ ಜಾಗವನ್ನ ಡ್ರೈವ್ ತಾನೇ ಖಾಲಿ ಮಾಡಿಕೊಳ್ಳುತ್ತೆ. ಉಳಿದಿದ್ದು ಕ್ಯಾಮೆರಾ ಕಾರ್ಡ್. ಫಾರ್ಮ್ಯಾಟ್ ಆದ್ರೂ ಮೇಲೆ ಹೊಸದು ಬರೆಯೋವರೆಗೆ ಅದರಲ್ಲಿ ಹಳೇದು ಇರುತ್ತೆ. ಆದರೆ ಏನು ಕಳೆದುಹೋಗಿದೆ ಅಂತ ನನಗೆ ಗೊತ್ತಾಗಿದ್ದು ಗುರುವಾರ. ಅಷ್ಟರಲ್ಲಿ ಅದರ ಮೇಲೆ ಗೃಹಪ್ರವೇಶ ತೆಗೆದಾಗಿತ್ತು. ಸುಮಾರು 740ರಲ್ಲಿ 310 ಫೋಟೊ ಸಿಕ್ವು. ಮದುಮಗನ ತಂದೆ ಮನೆಗೇ ಬಂದು, "ದುಡ್ಡು ವಾಪಸ್ ಬ್ಯಾಡಪ್ಪ, ತಾಳಿ ಕಟ್ಟೋದೊಂದು ಕೊಡು ಸಾಕು" ಅಂದ್ರು. ಸಿಕ್ಕ 310ರಲ್ಲಿ ಅದು ಇರಲಿಲ್ಲ.

ಹಂಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಡಿಸ್ಕಿನ ಬದಲಿಗೆ ಕ್ಲೌಡ್ ಅಂತ ಇಲ್ಲವೇ ಇಲ್ಲ. ನಮ್ಮ ಕೆಲಸದಲ್ಲಿ ಮೇಲೆ ಹೋಗೋದೂ ಡಿಸ್ಕಿನ ಮೂಲಕ, ಎಡಿಟ್ ಮಾಡೋಕೆ ಇಳಿಸಿಕೊಂಡ್ರೆ ಬಂದು ಕೂರೋದೂ ಡಿಸ್ಕಿನಲ್ಲೇ. ಕ್ಲೌಡ್ ಎಷ್ಟಿದೆ ಅಂತ ನೋಡಿ ಎಸ್‌ಎಸ್‌ಡಿ ಕಡಿಮೆ ಮಾಡಬೇಡಿ. ಮುಗಿಯದ ಕೆಲಸ ಒಂದೇ ಸಲಕ್ಕೆ ಎಷ್ಟು ಕೈಯಲ್ಲಿರುತ್ತೆ ಅಂತ ನೋಡಿ.

ನಿಮ್ಮದನ್ನೇ ಹಾಕಿ ನೋಡೋಣ. 256 ಅಂತ ಮಾರೋದು ವಿಂಡೋಸ್‌ನಲ್ಲಿ 238 ಅಂತ ಕಾಣುತ್ತೆ, ಯಾಕಂದ್ರೆ ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ವಿಂಡೋಸ್, ಅದರ ಅಪ್‌ಡೇಟ್, ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲ ಸೇರಿ ನನ್ನಲ್ಲಿ 100 ಹೋಗುತ್ತೆ. ಉಳಿಯೋದು 138. ನೀವು ವಿಡಿಯೊನೂ ಮಾಡ್ತೀರಿ. 4ಕೆಯನ್ನ 100 ಎಂಬಿಪಿಎಸ್‌ನಲ್ಲಿ ತೆಗೆದ್ರೆ ಗಂಟೆಗೆ 45 ಜಿಬಿ, ಎರಡು ಗಂಟೆಗೆ 90. ಅದಕ್ಕೆ ಫೋಟೊದ 60 ಸೇರಿಸಿ, 150. ಒಂದೇ ಮದುವೆ ಹಿಡಿಯಲಿಲ್ಲ. ನಿಮ್ಮ 100 ಜಿಬಿ ಕ್ಲೌಡಿಗೂ ಅದು ಹಿಡಿಯಲ್ಲ. ಲಗ್ನದ ಸೀಸನ್ನಲ್ಲಿ ಒಂದು ಮುಗಿಯೋ ಮುಂಚೆ ಇನ್ನೊಂದು ಬರುತ್ತೆ, ಅಂದ್ರೆ 300. 512 ಅನ್ನೋದು 476 ಅಂತ ಕಾಣುತ್ತೆ, 100 ತೆಗೆದ್ರೆ 376. ಎರಡು ಮದುವೆ ಕೂತು, ಎಡಿಟಿಂಗ್ ಸಾಫ್ಟ್‌ವೇರ್ ಮಾಡಿಕೊಳ್ಳೋ ಪ್ರಿವ್ಯೂಗಳಿಗೂ ಜಾಗ ಉಳಿಯುತ್ತೆ. ನಿಮಗೆ 512 ಅನ್ನೋದು ಕನಿಷ್ಠ. ಬರೀ ಬಿಲ್ಲು, ನೋಟ್ಸು, ಆನ್‌ಲೈನ್ ಕ್ಲಾಸ್ ಅಂತಿದ್ರೆ 256 ಧಾರಾಳ ಸಾಕು ಅಂತಿದ್ದೆ.

ಕ್ಲೌಡ್ ಬೇಡ ಅಂತ ಹೇಳ್ತಿಲ್ಲ, ನಾನು ಈಗಲೂ ದುಡ್ಡು ಕಟ್ತಿದೀನಿ. ಎಡಿಟ್ ಆದ 400 ಜೆಪೆಗ್, ತಲಾ 8 ಎಂಬಿ ಅಂದ್ರೂ ಮೂರು ಜಿಬಿ ಚಿಲ್ಲರೆ, ಗಿರಾಕಿಗೆ ಲಿಂಕ್ ಕಳಿಸೋಕೆ ಅದಕ್ಕಿಂತ ಒಳ್ಳೇದಿಲ್ಲ. ರಾ ಫೈಲು ಮತ್ತು ಫುಟೇಜಿಗೆ ಎರಡು ಟಿಬಿಯ ಹೊರಗಿನ ಹಾರ್ಡ್ ಡಿಸ್ಕ್. ಕಾರ್ಡ್ ಮೊದಲು ಲ್ಯಾಪ್‌ಟಾಪಿಗೆ, ಅಲ್ಲಿಂದ ಹಾರ್ಡ್ ಡಿಸ್ಕಿಗೆ, ಎರಡೂ ಕಡೆ ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ತಾಳೆ ಆದ ಮೇಲೇ ಫಾರ್ಮ್ಯಾಟ್. ಯಾವುದಾದ್ರೂ ಕ್ಲೌಡಿಗೆ ಹೋಗಿದೆಯಾ ಅಂತ ಅನುಮಾನ ಬಂದ್ರೆ ಅದೇ ಲ್ಯಾಪ್‌ಟಾಪಿನಲ್ಲಿ ನೋಡಬೇಡಿ, ಅಲ್ಲಿ ಯಾವಾಗಲೂ ಇದ್ದ ಹಾಗೇ ಕಾಣುತ್ತೆ. ಮೊಬೈಲಿನ ವೈ-ಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ `drive.google.com` ಅಥವಾ ನಿಮ್ಮ ಕ್ಲೌಡಿನ ಆ್ಯಪ್ ತೆರೆದು ಆ ಫೋಲ್ಡರಿನ ಕೊನೇ ಫೋಟೊ ಇದೆಯಾ ನೋಡಿ. ಒನ್‌ಡ್ರೈವ್ ಬಳಸಿದ್ರೆ ಜಾಗ ಮಾಡೋಕೆ ಡಿಲೀಟ್ ಒತ್ತಬೇಡಿ, ಮೇಲಿಂದಲೂ ಹೋಗುತ್ತೆ. ರೈಟ್ ಕ್ಲಿಕ್ ಮಾಡಿ `Free up space` ಅಂತ ಕೊಡಿ.

ಅಂಗಡಿಗೆ ಹೋದಾಗ ಇನ್ನೊಂದು ಕೇಳಿ: ಎಸ್‌ಎಸ್‌ಡಿ ಬೋರ್ಡಿಗೇ ಬೆಸೆದಿದಾರಾ, ಬಿಚ್ಚೋಕೆ ಬರುತ್ತಾ, ಇನ್ನೊಂದು ಎಸ್‌ಎಸ್‌ಡಿ ಕೂರಿಸೋಕೆ ಖಾಲಿ ಎಂ.2 ಸ್ಲಾಟ್ ಒಂದು ಉಳಿದಿದೆಯಾ ಅಂತ. ಖಾಲಿ ಸ್ಲಾಟ್ ಇದ್ದ 512 ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಮುಂದಿನ ಸೀಸನ್ನಿಗೆ ಇನ್ನೊಂದು ಹಾಕಿಸಬಹುದು. ನನ್ನದು ಬೆಸೆದಿದ್ದೇ ಆಗಿತ್ತು. ಎಂಟು ತಿಂಗಳಿಗೆ ಮಾರಿ ಬೇರೆ ಲ್ಯಾಪ್‌ಟಾಪ್ ತಗೊಂಡೆ.